ಯುದ್ಧ ಬರುವ ಹೊತ್ತಿಗೆ ವಿಶ್ವಸಂಸ್ಥೆಯ ಸೈನಿಕರು ಯಾಕೆ ಹೊರಟರು? 1967ರ ಬಗ್ಗೆ ಒಂದು ಪ್ರಶ್ನೆ

ಕುಂದಾಪುರ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಮೊನ್ನೆ ವಿಶ್ವಸಂಸ್ಥೆಯ ಪಾಠ ಮಾಡುವಾಗ ಗಾಜಾ, ಸಿನಾಯ್ ಕಡೆ ನಮ್ಮ ದೇಶದ ಸೈನಿಕರು ನೀಲಿ ಟೋಪಿ ಹಾಕಿ ಹತ್ತು ವರ್ಷ ಕಾವಲಿದ್ದರು, 1967ರ ಮೇ ತಿಂಗಳಲ್ಲಿ ಅವರನ್ನು ವಾಪಸ್ ಕರೆಸಿದರು, ಜೂನ್‌ನಲ್ಲಿ ಯುದ್ಧ ಆಯಿತು ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ, "ಟೀಚರ್, ಯುದ್ಧ ತಡೆಯಲಿಕ್ಕೆ ಇದ್ದವರು ಯುದ್ಧ ಬರುವಾಗಲೇ ಹೋದದ್ದು ಯಾಕೆ?"

ನಾಳೆ ಹೇಳ್ತೇನೆ ಅಂದಿದ್ದೇನೆ. ಪುಸ್ತಕದಲ್ಲಿ ಒಂದೇ ಸಾಲು ಉಂಟು. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಸುರತ್ಕಲ್ ಹುಡುಗ

ಇದರಲ್ಲಿ ಬಿಡಿಸಲಿಕ್ಕೆ ಎಂತ ಉಂಟು ಟೀಚರ್? ವೀಟೊ. ಐದು ದೊಡ್ಡ ದೇಶಗಳಲ್ಲಿ ಒಬ್ಬರು ಕೈ ಎತ್ತಿದರೆ ಎಲ್ಲಾ ನಿಂತುಹೋಗುತ್ತದೆ. ವಿಶ್ವಸಂಸ್ಥೆಗೆ ಸೈನ್ಯ ಬಳಸುವ ಅಧಿಕಾರ ಸನ್ನದಿನ ಏಳನೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಉಂಟು. ಆವಾಗ ಬಳಸಲಿಲ್ಲ, ಈಗಲೂ ಬಳಸುವುದಿಲ್ಲ. ಅಷ್ಟೇ ಕಥೆ.

ಕದ್ರಿ ನಿವೃತ್ತ ಉಪನ್ಯಾಸಕ

ಸುರತ್ಕಲಿನವರು ವೀಟೊ ಬಗ್ಗೆ ಹೇಳಿದ್ದು ಸರಿ. ಆದರೆ ಈ ಪಡೆಯ ವಿಷಯದಲ್ಲಿ ವೀಟೊ ಬಂದದ್ದು ಕೊನೆಯಲ್ಲಿ ಅಲ್ಲ, ಶುರುವಿನಲ್ಲಿ. ಆ ಶುರುವಿನಿಂದಲೇ ಹೇಳಬೇಕಾಗುತ್ತದೆ ಟೀಚರ್, ಇಲ್ಲದಿದ್ದರೆ 1967 ಅರ್ಥವಾಗುವುದಿಲ್ಲ.

1956ರ ಜುಲೈಯಲ್ಲಿ ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅಕ್ಟೋಬರ್ 29ಕ್ಕೆ ಇಸ್ರೇಲ್ ಸೈನ್ಯ ಸಿನಾಯ್ ಮರುಭೂಮಿಗೆ ನುಗ್ಗಿತು. ಬ್ರಿಟನ್ ಮತ್ತು ಫ್ರಾನ್ಸ್ ಒಳಗೊಳಗೇ ಸೇರಿಕೊಂಡಿದ್ದವು. ಮರುದಿನ ಭದ್ರತಾ ಮಂಡಳಿಯಲ್ಲಿ ಇಸ್ರೇಲ್ ಹಿಂದೆ ಸರಿಯಬೇಕು ಎನ್ನುವ ನಿರ್ಣಯ ಬಂತು. ತಂದದ್ದು ಅಮೆರಿಕ. ಬ್ರಿಟನ್, ಫ್ರಾನ್ಸ್ ಎರಡೂ ವೀಟೊ ಹಾಕಿದವು. ದಾಳಿಯಲ್ಲಿ ಪಾಲಿದ್ದವರ ಕೈಯಲ್ಲೇ ವೀಟೊ ಇತ್ತು.

ಆಗ ಯುಗೊಸ್ಲಾವಿಯ ಒಂದು ದಾರಿ ಹಿಡಿಯಿತು. 1950ರಲ್ಲಿ ಕೊರಿಯಾ ಯುದ್ಧದ ಕಾಲಕ್ಕೆ ಮಾಡಿಕೊಂಡ ಒಂದು ವ್ಯವಸ್ಥೆ ಇತ್ತು. ಭದ್ರತಾ ಮಂಡಳಿ ಕಟ್ಟಿಹೋದರೆ ವಿಷಯವನ್ನು ಸಾಮಾನ್ಯ ಸಭೆಗೆ, ಅಂದರೆ ಎಲ್ಲಾ ದೇಶಗಳು ಕೂರುವ ಸಭೆಗೆ ಒಯ್ಯಬಹುದು. ಹಾಗೆ ಸಭೆ ಕರೆಯುವುದು ಬರೀ ಕಾರ್ಯವಿಧಾನದ ಮತ ಆದ್ದರಿಂದ ಅಲ್ಲಿ ವೀಟೊ ನಡೆಯುವುದಿಲ್ಲ. ಏಳು ಮತ ಪರ, ಬ್ರಿಟನ್ ಫ್ರಾನ್ಸ್ ಎರಡು ವಿರುದ್ಧ. ಸಭೆ ಕೂತಿತು.

ಅಲ್ಲಿ ಕೆನಡಾದ ಲೆಸ್ಟರ್ ಪಿಯರ್ಸನ್ ಒಂದು ಸಲಹೆ ಇಟ್ಟರು. ಎರಡೂ ಕಡೆಯ ಸೈನ್ಯದ ನಡುವೆ ನಿಲ್ಲಲು ವಿಶ್ವಸಂಸ್ಥೆಯದ್ದೇ ಒಂದು ಪಡೆ ಬೇಕು ಎಂದು. ನವೆಂಬರ್ 4ಕ್ಕೆ ಸಭೆ ಪ್ರಧಾನ ಕಾರ್ಯದರ್ಶಿ ಡಾಗ್ ಹಮ್ಮರ್‌ಶೋಲ್ಡ್ ಅವರಿಗೆ ಯೋಜನೆ ತಯಾರಿಸಲು 48 ಗಂಟೆ ಕೊಟ್ಟಿತು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ.

ಈಗ ಮುಖ್ಯ ವಿಷಯ. ಸಾಮಾನ್ಯ ಸಭೆಗೆ ಯಾವ ದೇಶಕ್ಕೂ ಆಜ್ಞೆ ಮಾಡುವ ಅಧಿಕಾರ ಇಲ್ಲ, ಶಿಫಾರಸು ಮಾಡಬಹುದು ಅಷ್ಟೇ. ಹಾಗಾಗಿ ಅದು ಹುಟ್ಟಿಸಿದ ಪಡೆ ಈಜಿಪ್ಟಿನ ನೆಲದಲ್ಲಿ ಕಾಲಿಡಬೇಕಾದರೆ ಈಜಿಪ್ಟ್ ಒಪ್ಪಲೇಬೇಕಿತ್ತು. ಏಳನೇ ಅಧ್ಯಾಯದ ಅಧಿಕಾರ ಇರುವುದು ಭದ್ರತಾ ಮಂಡಳಿಗೆ. ಈ ಪಡೆಗೆ ಅದರ ಸೋಂಕೂ ಇರಲಿಲ್ಲ. ವೀಟೊ ದಾಟಿ ಬರಲು ಕೊಟ್ಟ ಬೆಲೆ ಅದು.

ಇನ್ನೊಂದು ಸಂಗತಿ. ಏಳನೇ ಅಧ್ಯಾಯ ಹೇಳುವ ಸೈನ್ಯ ಕಾಗದದಲ್ಲೇ ಉಳಿದಿದೆ. ಸದಸ್ಯ ದೇಶಗಳು ಒಪ್ಪಂದ ಮಾಡಿಕೊಂಡು ಮಂಡಳಿಗೆ ಸೈನ್ಯ ಕಾದಿರಿಸಬೇಕು ಎಂದು 43ನೇ ವಿಧಿಯಲ್ಲಿ ಬರೆದಿದೆ. ಇವತ್ತಿನವರೆಗೆ ಅಂಥ ಒಂದು ಒಪ್ಪಂದವೂ ಆಗಿಲ್ಲ. ಪ್ರತಿ ಸಲ ಕೇಳಿ ತರಬೇಕು.

ಮಲ್ಪೆ ಕಡಲು

ಸರ್, ನನ್ನ ಮಗ ಮರ್ಚೆಂಟ್ ನೇವಿಯಲ್ಲಿ ಇದ್ದಾನೆ. ಅವನ ಹಡಗು ಕೆಂಪು ಸಮುದ್ರದ ದಾರಿಯಲ್ಲೇ ಹೋಗುವುದು. ಹೂಥಿಗಳು ಹಡಗುಗಳಿಗೆ ಹೊಡೆಯಲಿಕ್ಕೆ ಶುರು ಮಾಡಿದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಈ ನೀಲಿ ಟೋಪಿಯವರ ಹಡಗು ಅಲ್ಲಿ ಉಂಟಾ? ಅವರು ಕಾವಲು ಕೊಡುತ್ತಾರಾ?

ಕದ್ರಿ ನಿವೃತ್ತ ಉಪನ್ಯಾಸಕ

ಅಣ್ಣ, ಅಲ್ಲಿ ಕಾವಲಿಗೆ ಹೋದದ್ದು ಬೇರೆ ಬೇರೆ ದೇಶಗಳ ಸ್ವಂತ ನೌಕಾಪಡೆ. ನಮ್ಮ ನೌಕಾಪಡೆಯೂ ಆ ಕಡೆಯ ಸಮುದ್ರದಲ್ಲಿ ಕೆಲಸ ಮಾಡಿದೆ. ಭದ್ರತಾ ಮಂಡಳಿ 2024ರ ಜನವರಿಯಲ್ಲಿ ಹಡಗುಗಳ ಮೇಲಿನ ದಾಳಿ ನಿಲ್ಲಿಸಿ ಎಂದು ನಿರ್ಣಯ ಮಾಡಿತು. 11 ಮತ ಪರ, ರಷ್ಯಾ ಚೀನಾ ಸೇರಿ ನಾಲ್ಕು ದೇಶ ತಟಸ್ಥ. ಆದರೆ ಹಡಗು ಕಳಿಸಲಿಲ್ಲ. ನೀಲಿ ಬಾವುಟದ ನೌಕಾದಳ ಅಂತ ಇದ್ದದ್ದು ಲೆಬನಾನ್ ಕರಾವಳಿಯಲ್ಲಿ, 2006ರಿಂದ. ನಿಮ್ಮ ಮಗನಿಗೆ ಸರಿಯಾದ ಸುದ್ದಿ ಸಿಗುವುದು ಅವನ ಕಂಪನಿಯಿಂದ ಮತ್ತು ನಮ್ಮ ಹಡಗು ಇಲಾಖೆಯ ಸೂಚನೆಗಳಿಂದ.

ಮಲ್ಪೆ ಕಡಲು

ಆಯ್ತು ಸರ್. ಅವನು ಈಗ ಸಿಂಗಾಪುರದಲ್ಲಿ ಇದ್ದಾನೆ. ನೀವು ಮುಂದುವರಿಸಿ, ನಾನು ಓದುತ್ತಾ ಇದ್ದೇನೆ.

ಕುಂದಾಪುರ ಟೀಚರ್

ಸರ್, ಎರಡು ಕೇಳುವುದುಂಟು. ಆ ಪಡೆ ಹೋಗಿ ಬ್ರಿಟನ್, ಫ್ರಾನ್ಸ್ ಸೈನ್ಯವನ್ನು ಓಡಿಸಿತಾ? ಮತ್ತೆ ಹತ್ತು ವರ್ಷ ಅಲ್ಲಿ ನಿಂತು ಎಂತ ಮಾಡಿದರು?

ಕದ್ರಿ ನಿವೃತ್ತ ಉಪನ್ಯಾಸಕ

ಓಡಿಸಲಿಲ್ಲ ಟೀಚರ್. ಅವರನ್ನು ಹೊರಗೆ ಹಾಕಿದ್ದು ಅಮೆರಿಕದ ಒತ್ತಡ. ಪೌಂಡಿನ ಬೆಲೆ ಕುಸಿಯುತ್ತಿತ್ತು, ಬ್ರಿಟನ್ನಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಬೇಕಿತ್ತು. ನೀವು ಹೊರಡುವವರೆಗೆ ಸಹಾಯ ಇಲ್ಲ ಎಂದು ಅಮೆರಿಕ ಹೇಳಿತು. ಸೋವಿಯತ್ ಒಕ್ಕೂಟವೂ ಬೆದರಿಸುತ್ತಿತ್ತು. ಪಡೆ ಮಾಡಿದ ಕೆಲಸ ಬೇರೆ. ಹೊರಡುವವರಿಗೆ ಮಾನ ಉಳಿಸಿಕೊಂಡು ಹೋಗಲು ಒಂದು ದಾರಿ ಕೊಟ್ಟಿತು. "ನಾವು ಸೋತು ಹೋಗುತ್ತಿಲ್ಲ, ವಿಶ್ವಸಂಸ್ಥೆಗೆ ಜಾಗ ಬಿಟ್ಟು ಹೋಗುತ್ತಿದ್ದೇವೆ" ಎಂದು ಹೇಳಿಕೊಳ್ಳಬಹುದಿತ್ತು. ಡಿಸೆಂಬರ್ ಕೊನೆಗೆ ಬ್ರಿಟನ್, ಫ್ರಾನ್ಸ್ ಹೊರಟವು. ಇಸ್ರೇಲ್ 1957ರ ಮಾರ್ಚ್‌ನಲ್ಲಿ.

ಆ ಮೊದಲ ದಿನಗಳ ಒಂದು ವಿವರ ಮಕ್ಕಳಿಗೆ ಇಷ್ಟ ಆಗಬಹುದು. ದೂರದಿಂದ ನೋಡಿದವರಿಗೆ ಇವರು ಯಾರ ಕಡೆಯವರೂ ಅಲ್ಲ ಎಂದು ಗೊತ್ತಾಗಬೇಕಿತ್ತು. ನೀಲಿ ಟೋಪಿ ಹೊಲಿಸಲು ಸಮಯ ಇರಲಿಲ್ಲ. ಅಮೆರಿಕ ಸೈನ್ಯದ ಹೆಲ್ಮೆಟ್ಟಿನ ಒಳಚಿಪ್ಪುಗಳನ್ನು ತಂದು ನೀಲಿ ಬಣ್ಣ ಹೊಡೆದರು. ಗುರುತಿನ ವಿಷಯ ಅಷ್ಟು ಸೂಕ್ಷ್ಮ ಇತ್ತು. ಕೆನಡಾ ಕಳಿಸಲು ಹೊರಟ ತುಕಡಿಯ ಹೆಸರು 'ಕ್ವೀನ್ಸ್ ಓನ್ ರೈಫಲ್ಸ್'. ರಾಣಿಯ ಹೆಸರು, ಬ್ರಿಟಿಷರ ಹಾಗೇ ಕಾಣುವ ಸಮವಸ್ತ್ರ. ಈಜಿಪ್ಟ್ ಬೇಡ ಅಂತು. ಪಿಯರ್ಸನ್ ಅವರದೇ ದೇಶ, ಅವರದೇ ಸಲಹೆ, ಆದರೂ ಆ ತುಕಡಿ ಹೋಗಲಿಲ್ಲ. ಯಾರು ಬರಬೇಕು ಎನ್ನುವುದರಲ್ಲೂ ಆತಿಥೇಯ ದೇಶದ ಮಾತು ನಡೆಯಿತು.

ದಿನದ ಕೆಲಸ ಕೇಳಿದಿರಿ. ಗಾಜಾ ಸುತ್ತಲಿನ 59 ಕಿಲೋಮೀಟರ್ ಗೆರೆಯ ಮೇಲೆ ಹಗಲು ಕಾವಲು ಠಾಣೆ, ಒಂದು ಠಾಣೆಯಿಂದ ಇನ್ನೊಂದು ಕಾಣುವ ಹಾಗೆ. ರಾತ್ರಿ ಕಾಲ್ನಡಿಗೆಯಲ್ಲಿ ಗಸ್ತು. ಅದಕ್ಕೆ ಮುಂಚೆ ರಾತ್ರಿ ಹೊತ್ತು ಗಡಿ ದಾಟಿ ಹೊಡೆಯುವುದು, ಅದಕ್ಕೆ ಸೇಡಿನ ದಾಳಿ, ಹೀಗೆ ನಡೆಯುತ್ತಲೇ ಇತ್ತು. ಇವರು ನಿಂತ ಮೇಲೆ ಅದು ತುಂಬಾ ಕಡಿಮೆಯಾಯಿತು. ತೀರಾ ದಕ್ಷಿಣದಲ್ಲಿ ಶರ್ಮ್ ಎಲ್ ಶೇಖ್ ಎನ್ನುವ ತುದಿಯಲ್ಲಿ ಒಂದು ಸಣ್ಣ ತುಕಡಿ. ಅವರು ಅಲ್ಲಿ ಇದ್ದಷ್ಟು ದಿನ ತಿರಾನ್ ಜಲಸಂಧಿಯಲ್ಲಿ ಇಸ್ರೇಲಿನ ಹಡಗು ಓಡಾಡಿತು. ಗುಂಡು ಹಾರಿಸುವುದು ಆತ್ಮರಕ್ಷಣೆಗೆ ಮಾತ್ರ.

ಒಂದು ಕೊರತೆ ಮೊದಲ ದಿನದಿಂದಲೇ ಇತ್ತು. ಗಡಿಯ ಎರಡೂ ಬದಿ ಇವರು ನಿಲ್ಲಬೇಕಿತ್ತು. ಇಸ್ರೇಲ್ ತನ್ನ ಬದಿಗೆ ಬಿಡಲಿಲ್ಲ. ಎರಡು ಮನೆಯವರ ಬೇಲಿ ಜಗಳಕ್ಕೆ ಬಂದ ಮೂರನೆಯವನು ಒಬ್ಬನ ಹಿತ್ತಲಲ್ಲಿ ಮಾತ್ರ ನಿಂತ ಹಾಗೆ. ಆ ಹಿತ್ತಲಿನ ಯಜಮಾನ ಹೋಗು ಅಂದರೆ ಅವನಿಗೆ ನಿಲ್ಲಲು ಬೇರೆ ಜಾಗ ಇಲ್ಲ.

ಬಜ್ಪೆ ಮನೆ

ನಾನು ಸ್ವಲ್ಪ ಬೇರೆ ವಿಷಯ ಹೇಳುತ್ತೇನೆ, ಬೇಜಾರು ಮಾಡಬೇಡಿ. ವಿಶ್ವಸಂಸ್ಥೆಗೆ ಶಕ್ತಿ ಇಲ್ಲ ಅನ್ನುವುದು ನನಗೆ ಒಪ್ಪಿಗೆ ಆಗುವುದಿಲ್ಲ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ನಮ್ಮ ಯಜಮಾನರು ಅಲ್ಲೇ ಇದ್ದರು. ಎಲ್ಲಾ ಬಿಟ್ಟು ಜೋರ್ಡಾನ್ ದಾರಿಯಲ್ಲಿ ಬಂದರು. ಅಮ್ಮಾನಿನಿಂದ ವಿಮಾನ. ಮನೆಗೆ ಬಂದಾಗ ಕೈಯಲ್ಲಿ ಒಂದು ಬ್ಯಾಗು. ಆಮೇಲೆ ಅರ್ಜಿ ತುಂಬಿಸಿದೆವು, ಪಾಸ್‌ಪೋರ್ಟಿನ ಪ್ರತಿ ಎಲ್ಲಾ ಕೊಟ್ಟೆವು. ತುಂಬಾ ವರ್ಷ ಆದ ಮೇಲೆ ಡಾಲರ್ ಲೆಕ್ಕದಲ್ಲಿ ಪರಿಹಾರ ಬಂತು. ಅದರಲ್ಲಿ ಹಂಚಿನ ಮಾಡು ತೆಗೆದು ಟೆರೇಸು ಹಾಕಿದ್ದು. ನಮ್ಮ ಕಡೆ ಎಷ್ಟೋ ಮನೆಗೆ ಹಾಗೆ ಬಂದಿದೆ. ಅದು ವಿಶ್ವಸಂಸ್ಥೆಯ ಹಣ ಅಲ್ವಾ?

ಕದ್ರಿ ನಿವೃತ್ತ ಉಪನ್ಯಾಸಕ

ಅಕ್ಕ, ನೀವು ಹೇಳಿದ್ದು ಇಲ್ಲಿಗೆ ಬೇಕಾದದ್ದೇ. ಹಣ ಹಂಚಿದ್ದು ವಿಶ್ವಸಂಸ್ಥೆ, ಹಣ ಇರಾಕಿನದ್ದು. ಇರಾಕ್ ಮಾರಿದ ಎಣ್ಣೆಯ ದುಡ್ಡಿನಲ್ಲಿ ಒಂದು ಪಾಲು ಪರಿಹಾರದ ನಿಧಿಗೆ ಹೋಗಬೇಕು ಎಂದು ಭದ್ರತಾ ಮಂಡಳಿ ಮಾಡಿತು. ಶುರುವಿನಲ್ಲಿ ಅದು ನೂರಕ್ಕೆ 30 ಇತ್ತು. ಜಾಗ ಬಿಟ್ಟು ಓಡಬೇಕಾದವರಿಗೆ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ನಷ್ಟ ಕೇಳುವುದಿಲ್ಲ ಅಂದವರಿಗೆ 4,000 ಮತ್ತು 8,000. ದೊಡ್ಡ ದೊಡ್ಡ ಕಂಪನಿಗಳಿಗಿಂತ ಮೊದಲು ನಿಮ್ಮಂಥವರ ಅರ್ಜಿ ತೆಗೆದುಕೊಂಡರು. ಕೊನೆಯ ಕಂತು ಕೊಟ್ಟು ಮುಗಿಸಿದ್ದು 2022ರಲ್ಲಿ.

ಇದು ಹೇಗೆ ಸಾಧ್ಯವಾಯಿತು? 1990ರ ನವೆಂಬರ್ 29ರ ನಿರ್ಣಯಕ್ಕೆ ಯಾರೂ ವೀಟೊ ಹಾಕಲಿಲ್ಲ. ಚೀನಾ ತಟಸ್ಥವಾಗಿ ಉಳಿಯಿತು, ವಿರುದ್ಧ ಮತ ಹಾಕಿದ್ದು ಕ್ಯೂಬಾ ಮತ್ತು ಯೆಮೆನ್. ಇರಾಕ್ ಜನವರಿ 15ರೊಳಗೆ ಹೊರಡದಿದ್ದರೆ ಸದಸ್ಯ ದೇಶಗಳು ಬೇಕಾದ ಎಲ್ಲಾ ಕ್ರಮ ಕೈಗೊಳ್ಳಬಹುದು ಎಂದು ಮಂಡಳಿ ಹೇಳಿತು. ಸುರತ್ಕಲಿನವರು ಹೇಳುವ ಏಳನೇ ಅಧ್ಯಾಯ ಇದೇ. ಆದರೆ ಗಮನಿಸಿ, ಆಗಲೂ ಯುದ್ಧ ಮಾಡಿದ್ದು ವಿಶ್ವಸಂಸ್ಥೆಯ ಸೈನ್ಯ ಅಲ್ಲ. ಅಮೆರಿಕದ ಮುಂದಾಳುತನದ ಒಕ್ಕೂಟ. ಮಂಡಳಿ ಅನುಮತಿ ಕೊಟ್ಟಿತು, ಕೈ ಇನ್ನೊಬ್ಬರದ್ದು.

ಕುಂದಾಪುರ ಟೀಚರ್

ಈಗ ಮೇ 1967ಕ್ಕೆ ಬನ್ನಿ ಸರ್. ಆ ದಿನಗಳಲ್ಲಿ ನಿಜವಾಗಿ ಎಂತ ಆಯಿತು?

ಕದ್ರಿ ನಿವೃತ್ತ ಉಪನ್ಯಾಸಕ

ಆ ಹೊತ್ತಿಗೆ ಪಡೆ ಸುಮಾರು 6,000ದಿಂದ 3,400ರಷ್ಟಕ್ಕೆ ಇಳಿದಿತ್ತು. ಖರ್ಚಿಗೆ ದುಡ್ಡಿರಲಿಲ್ಲ. ಸೋವಿಯತ್ ಒಕ್ಕೂಟ ಪಾಲು ಕೊಡುತ್ತಿರಲಿಲ್ಲ. ಇದು ಸಂಸ್ಥೆಯದೇ ಖರ್ಚು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ಅಭಿಪ್ರಾಯ ಕೊಟ್ಟಿತ್ತು, ಆದರೂ ಕೊಡಲಿಲ್ಲ. ಪಡೆಯ ಮುಖ್ಯಸ್ಥರು ನಮ್ಮವರು, ಮೇಜರ್ ಜನರಲ್ ಇಂದರ್ ಜಿತ್ ರಿಖ್ಯೆ.

ಮೇ 16ರ ರಾತ್ರಿ ಹತ್ತು ಗಂಟೆಗೆ ಗಾಜಾದಲ್ಲಿ ಈಜಿಪ್ಟಿನ ಸೇನಾಧಿಕಾರಿಯೊಬ್ಬರು ರಿಖ್ಯೆ ಅವರ ಕೈಗೆ ಒಂದು ಪತ್ರ ಕೊಟ್ಟರು. ನಮ್ಮ ಸೈನ್ಯ ಗಡಿಗೆ ಬರುತ್ತಿದೆ, ಗಡಿ ಠಾಣೆಗಳಿಂದ ನಿಮ್ಮವರನ್ನು ತೆಗೆಯಿರಿ ಎಂದು. ಈ ರಾತ್ರಿಯೇ ಆಗಬೇಕು ಅಂದರು. ರಿಖ್ಯೆ ಅವರ ಉತ್ತರ ಸರಿಯಾದದ್ದೇ. ಅಂಥ ಆದೇಶ ಕೊಡುವ ಅಧಿಕಾರ ನನಗಿಲ್ಲ, ನ್ಯೂಯಾರ್ಕಿಗೆ ತಿಳಿಸುತ್ತೇನೆ.

ನ್ಯೂಯಾರ್ಕಿನಲ್ಲಿ ಆಗ ಪ್ರಧಾನ ಕಾರ್ಯದರ್ಶಿ ಬರ್ಮಾದ ಊ ಥಾಂಟ್. ಅವರು ಈಜಿಪ್ಟಿನ ರಾಯಭಾರಿಗೆ ಹೇಳಿದರು: ಸೈನ್ಯಾಧಿಕಾರಿಯ ಪತ್ರ ನಡೆಯುವುದಿಲ್ಲ, ನಿಮ್ಮ ಸರ್ಕಾರ ಕೇಳಬೇಕು. ಮತ್ತೆ, ಇಲ್ಲಿಂದ ಸರಿಯಿರಿ ಅಲ್ಲಿ ನಿಲ್ಲಿ ಎನ್ನುವ ಅರ್ಧ ಕೆಲಸ ಆಗುವುದಿಲ್ಲ. ಯುದ್ಧ ಮಾಡಲು ಜಾಗ ಬಿಟ್ಟು ಪಕ್ಕದಲ್ಲಿ ನಿಂತು ನೋಡುವ ಪಡೆ ಇದಲ್ಲ, ಅರ್ಧ ಕೇಳಿದರೆ ಪೂರ್ತಿ ಕೇಳಿದ ಹಾಗೇ. ಈ ಮಾತು ಒತ್ತಡ ಹಾಕಲು ಹೇಳಿದ್ದು ಎಂದು ಕಾಣುತ್ತದೆ. ಆದರೆ ನಾಸೆರ್ ಹಿಂದೆ ಸರಿಯಲಿಲ್ಲ. ಮೇ 18ಕ್ಕೆ ವಿದೇಶಾಂಗ ಮಂತ್ರಿಯಿಂದಲೇ ಅಧಿಕೃತ ಪತ್ರ ಬಂತು, ಪೂರ್ತಿ ಹೊರಡಿ ಎಂದು.

ಅಷ್ಟರಲ್ಲಿ ಗಡಿಯಲ್ಲಿ ವಿಷಯ ಕೈಮೀರಿತ್ತು. ಈಜಿಪ್ಟಿನ ಸೈನಿಕರು ಯುಗೊಸ್ಲಾವ್ ಠಾಣೆಗಳ ಹತ್ತಿರ ಬಂದು, ಕೆಲವೆಡೆ ಅವರಿಗಿಂತಲೂ ಮುಂದೆ ಹೋಗಿ ನಿಂತಿದ್ದರು. ಶರ್ಮ್ ಎಲ್ ಶೇಖ್‌ನಲ್ಲಿ 15 ನಿಮಿಷದಲ್ಲಿ ಉತ್ತರ ಹೇಳಿ ಎಂದು ಗಡುವು ಕೊಟ್ಟರು. ಇನ್ನು ಸೈನಿಕರನ್ನು ಕಳಿಸಿದ ದೇಶಗಳು. ಭಾರತ ಮತ್ತು ಯುಗೊಸ್ಲಾವಿಯ, ಈಜಿಪ್ಟಿನ ಹಕ್ಕನ್ನು ನಾವು ಗೌರವಿಸುತ್ತೇವೆ ಎಂದು ಹೇಳಿದವು. ಪಡೆಯಲ್ಲಿ ದೊಡ್ಡ ಪಾಲು ಈ ಎರಡು ದೇಶಗಳದ್ದೇ. ಊ ಥಾಂಟ್ ಇಸ್ರೇಲಿನ ರಾಯಭಾರಿಯನ್ನು ಕರೆದು, ನಿಮ್ಮ ಬದಿಯಲ್ಲಾದರೂ ಇವರು ನಿಲ್ಲಬಹುದಾ ಎಂದು ಕೇಳಿದರು. ಇಸ್ರೇಲ್ ಇಲ್ಲ ಅಂತು. ಅದೇ ಸಂಜೆ ವಾಪಸಾತಿಗೆ ಆದೇಶ ಹೊರಟಿತು.

ಮೇ 22ಕ್ಕೆ ನಾಸೆರ್ ತಿರಾನ್ ಜಲಸಂಧಿಯನ್ನು ಇಸ್ರೇಲಿನ ಹಡಗುಗಳಿಗೆ ಮುಚ್ಚಿದರು. ಜೂನ್ 5ಕ್ಕೆ ಯುದ್ಧ. ಆ ಹೊತ್ತಿಗೆ ನಮ್ಮ ಸೈನಿಕರು ಗಾಜಾದಿಂದ ಪೂರ್ತಿ ಹೊರಟಿರಲಿಲ್ಲ, ಹಡಗಿಗೆ ಕಾಯುತ್ತಿದ್ದರು. ಆ ಯುದ್ಧದಲ್ಲಿ ಸಿಕ್ಕಿ 14 ಮಂದಿ ಭಾರತೀಯ ಸೈನಿಕರು ಸತ್ತರು. ದಯವಿಟ್ಟು ಇದನ್ನು ಮಕ್ಕಳಿಗೆ ಹೇಳಿ ಟೀಚರ್. ಅವರೆಲ್ಲ ಓಡಿಹೋದರು ಎಂದು ಆ ಹುಡುಗನ ಮನಸ್ಸಿನಲ್ಲಿ ಉಳಿಯಬಾರದು.

ಸುರತ್ಕಲ್ ಹುಡುಗ

ಸರ್, ಇಷ್ಟು ಓದಿದ ಮೇಲೂ ನನಗೆ ಒಂದು ಮಾತು ಒಪ್ಪಲಿಕ್ಕೆ ಆಗುವುದಿಲ್ಲ. ಎರಡೇ ದಿನ! 16ಕ್ಕೆ ಪತ್ರ, 18ಕ್ಕೆ ಆದೇಶ. ಪಡೆಯನ್ನು ಮಾಡಿದ್ದು ಸಾಮಾನ್ಯ ಸಭೆ. ಹಾಗಾದರೆ ತೆಗೆಯುವ ಮೊದಲು ಸಭೆಯನ್ನೇ ಕೇಳಬೇಕಿತ್ತು. ಸಭೆ ಕೂರುವಷ್ಟು ದಿನ ಎಳೆಯಬಹುದಿತ್ತು. ಆ ಹತ್ತು ಹದಿನೈದು ದಿನದಲ್ಲಿ ನಾಸೆರ್ ಮನಸ್ಸು ಬದಲಾಗುತ್ತಿರಲಿಲ್ಲ ಎಂದು ಯಾರು ಹೇಳುತ್ತಾರೆ?

ಕದ್ರಿ ನಿವೃತ್ತ ಉಪನ್ಯಾಸಕ

ಇದು ಇವತ್ತಿಗೂ ಮುಗಿಯದ ವಾದ, ಮತ್ತು ನಿಮ್ಮ ಕಡೆಗೂ ಬಲ ಉಂಟು. 1956ರಲ್ಲಿ ಈಜಿಪ್ಟ್ ಮತ್ತು ಹಮ್ಮರ್‌ಶೋಲ್ಡ್ ನಡುವೆ ಒಂದು ಒಪ್ಪಂದ ಆಗಿತ್ತು. ಪಡೆಯ ವಿಷಯದಲ್ಲಿ ತನ್ನ ಸಾರ್ವಭೌಮ ಹಕ್ಕು ಬಳಸುವಾಗ ಸಭೆಯ ನಿರ್ಣಯವನ್ನು ಸದ್ಭಾವನೆಯಿಂದ ನೆನಪಿಟ್ಟುಕೊಂಡು ನಡೆಯುತ್ತೇನೆ ಎಂದು ಈಜಿಪ್ಟ್ ಮಾತು ಕೊಟ್ಟಿತ್ತು. ಹಮ್ಮರ್‌ಶೋಲ್ಡ್ 1957ರಲ್ಲಿ ಒಂದು ಖಾಸಗಿ ಟಿಪ್ಪಣಿ ಬರೆದಿಟ್ಟಿದ್ದರು. ಪಡೆಯ ಕೆಲಸ ಮುಗಿಯುವ ತನಕ ಈಜಿಪ್ಟ್ ಕಳಿಸುವ ಹಾಗಿಲ್ಲ, ಮುಗಿಯಿತೋ ಇಲ್ಲವೋ ಎನ್ನುವ ಭಿನ್ನಾಭಿಪ್ರಾಯ ಬಂದರೆ ಸಭೆಗೆ ಹೋಗಬೇಕು, ಹೀಗೆ ಅವರು ಅರ್ಥ ಮಾಡಿಕೊಂಡಿದ್ದರು. ಅದು ಪತ್ರಿಕೆಯಲ್ಲಿ ಬಂದದ್ದು 1967ರ ಜೂನ್‌ನಲ್ಲಿ, ಯುದ್ಧ ಮುಗಿದ ಮೇಲೆ. ಅದು ಅಧಿಕೃತ ದಾಖಲೆಯಲ್ಲ, ಈಜಿಪ್ಟ್ ಅದಕ್ಕೆ ಸಹಿ ಹಾಕಿಲ್ಲ ಎನ್ನುವುದು ಊ ಥಾಂಟ್ ಕಡೆಯ ಉತ್ತರ. ಅವರ ನಿಲುವು ಒಂದೇ: ಒಪ್ಪಿಗೆಯ ಮೇಲೆ ಬಂದವರು ಒಪ್ಪಿಗೆ ಹೋದ ಮೇಲೆ ನಿಲ್ಲುವ ಹಾಗಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸಭೆ ಕರೆಯಬೇಕಿತ್ತು. ಸೈನಿಕರನ್ನು ಇಟ್ಟುಕೊಳ್ಳಲು ಅದರಿಂದ ಆಗುತ್ತಿರಲಿಲ್ಲ. ಆದರೆ ಎಲ್ಲಾ ದೇಶಗಳ ಮುಂದೆ ನಾಸೆರ್ ತಾನು ಮಾಡುತ್ತಿರುವುದು ಏನು ಎಂದು ಹೇಳಬೇಕಾಗುತ್ತಿತ್ತು.

ಕಾರ್ಕಳ ಮಾಜಿ ಸೈನಿಕ

ನಾನು ದಕ್ಷಿಣ ಲೆಬನಾನಿನಲ್ಲಿ ವಿಶ್ವಸಂಸ್ಥೆಯ ಡ್ಯೂಟಿ ಮಾಡಿ ಬಂದವನು. ಓದಿದವರ ವಾದ ನನಗೆ ಗೊತ್ತಿಲ್ಲ, ನಿಂತವರ ವಿಷಯ ಹೇಳುತ್ತೇನೆ.

ಅಲ್ಲಿ ಗಡಿಗೆ ನೀಲಿ ಬಣ್ಣದ ಡ್ರಮ್ಮು ಇಟ್ಟಿರುತ್ತಾರೆ. ನಾವು ಬಿಳಿ ಗಾಡಿಯಲ್ಲಿ ಗಸ್ತು ಹೋಗುತ್ತೇವೆ. ಯಾರಾದರೂ ಗೆರೆ ದಾಟಿದರೆ ಸಮಯ ಬರೆದು, ಜಾಗ ಬರೆದು, ಫೋಟೊ ತೆಗೆದು ನಾಕೂರಾದ ಹೆಡ್‌ಕ್ವಾರ್ಟರಿಗೆ ವರದಿ ಮಾಡುತ್ತೇವೆ. ಅಲ್ಲಿಂದ ಎರಡೂ ಕಡೆಗೆ ಫೋನ್ ಹೋಗುತ್ತದೆ. ಹೆಚ್ಚಿನ ಸಲ ಅಷ್ಟಕ್ಕೇ ವಿಷಯ ತಣ್ಣಗಾಗುತ್ತದೆ, ಯಾಕೆಂದರೆ ಎರಡೂ ಕಡೆಯವರಿಗೆ ಆ ದಿನ ಯುದ್ಧ ಬೇಡ. ಯುದ್ಧ ಬೇಕು ಎಂದು ತೀರ್ಮಾನ ಮಾಡಿದವರನ್ನು ಒಂದು ಬೆಟಾಲಿಯನ್ ತಡೆಯುವುದಿಲ್ಲ. ನಮ್ಮ ಹತ್ತಿರ ಟ್ಯಾಂಕ್ ಇಲ್ಲ, ಫಿರಂಗಿ ಇಲ್ಲ.

1967ರಲ್ಲಿ ಊ ಥಾಂಟ್ ಎಳೆಯಬಹುದಿತ್ತು ಎನ್ನುತ್ತೀರಿ. ಮರುಭೂಮಿಯಲ್ಲಿ ಠಾಣೆಗೆ ನೀರು ಯಾವ ರಸ್ತೆಯಲ್ಲಿ ಬರುತ್ತದೆ? ಈಜಿಪ್ಟಿನ ರಸ್ತೆಯಲ್ಲಿ. ರೇಷನ್ ಇಳಿಯುವುದು ಅವರ ಬಂದರಿನಲ್ಲಿ, ವಿಮಾನ ಇಳಿಯುವುದು ಅವರ ನೆಲದಲ್ಲಿ. ಅವರು ಬೇಡ ಅಂದ ಮೇಲೆ ಅಲ್ಲಿ ಇರುವ ಪ್ರತಿ ದಿನ ಹುಡುಗರ ಜೀವದ ಮೇಲೆ. ಆದೇಶ ಕೊಡುವವನು ಅದನ್ನು ಯೋಚಿಸಲೇಬೇಕು.

ಸುರತ್ಕಲ್ ಹುಡುಗ

ನೀರಿನ ವಿಷಯ ಒಪ್ಪಿದೆ ಸರ್. ಆದರೆ ಸಭೆ ಕರೆಯಲು ನೀರು ಬೇಡ. ಆ ಮಾತು ನಾನು ಬಿಡುವುದಿಲ್ಲ.

ಕುಂದಾಪುರ ಟೀಚರ್

ಒಂದು ಕೊನೆಯ ಪ್ರಶ್ನೆ. ಇದರ ನಂತರ ನಿಯಮ ಏನಾದರೂ ಬದಲಾಯಿಸಿದರಾ? ಒಂದು ದೇಶ ಹೋಗಿ ಅಂದ ಕೂಡಲೇ ಹೊರಡದ ಹಾಗೆ?

ಕದ್ರಿ ನಿವೃತ್ತ ಉಪನ್ಯಾಸಕ

ಬದಲಾಯಿತು ಟೀಚರ್. 1973ರಲ್ಲಿ ಮತ್ತೆ ಯುದ್ಧ ಆದಾಗ ಅದೇ ಸಿನಾಯ್‌ಗೆ ಎರಡನೇ ಪಡೆ ಹೋಯಿತು. ಈ ಸಲ ಮಾಡಿದ್ದು ಭದ್ರತಾ ಮಂಡಳಿ. ಆರು ತಿಂಗಳ ಅವಧಿ ಹಾಕಿ, ಅವಧಿ ಮುಗಿಯುವಾಗ ನವೀಕರಣ. ಪಡೆಯ ಕೆಲಸಕ್ಕೆ ತೊಂದರೆ ಆಗುವ ಯಾವ ವಿಷಯ ಬಂದರೂ ಮಂಡಳಿಗೆ ಬರಬೇಕು ಎಂದು ಮೊದಲೇ ಬರೆದರು. ಒಬ್ಬ ಕಾರ್ಯದರ್ಶಿ ಎರಡು ದಿನದಲ್ಲಿ ತೀರ್ಮಾನ ಮಾಡುವ ಪರಿಸ್ಥಿತಿ ತಪ್ಪಿತು.

ಆದರೆ ಹಾಗೆ ಮಾಡಿದಾಗ ಬೀಗದ ಕೈ ಐದು ದೇಶಗಳ ಕೈಗೆ ಹೋಯಿತು. 1979ರಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ತಾವೇ ಶಾಂತಿ ಒಪ್ಪಂದ ಮಾಡಿಕೊಂಡವು. ಅದರ ಮೇಲ್ವಿಚಾರಣೆಗೆ ವಿಶ್ವಸಂಸ್ಥೆಯ ಪಡೆ ಬೇಕು ಎಂದು ಎರಡೂ ಕೇಳುತ್ತಿದ್ದವು. ಈ ಸಲ ಆತಿಥೇಯ ದೇಶಕ್ಕೂ ಬೇಕಿತ್ತು, ಎದುರಿನವರಿಗೂ ಬೇಕಿತ್ತು. ಆ ಒಪ್ಪಂದ ಸೋವಿಯತ್ ಒಕ್ಕೂಟಕ್ಕೆ ಹಿಡಿಸಲಿಲ್ಲ. ಜುಲೈಯಲ್ಲಿ ಅವಧಿ ಮುಗಿಯಿತು, ನವೀಕರಣ ಆಗಲಿಲ್ಲ, ಪಡೆ ಮನೆಗೆ ಹೋಯಿತು.

ಆಮೇಲೆ ವಿಶ್ವಸಂಸ್ಥೆಯ ಹೊರಗೆ ಬೇರೆಯೇ ಒಂದು ಬಹುರಾಷ್ಟ್ರೀಯ ಪಡೆ ಮಾಡಿದರು. 1982ರಿಂದ ಅದು ಸಿನಾಯ್‌ನಲ್ಲಿ ಇದೆ. ಅದರ ಕಚೇರಿ ರೋಮ್‌ನಲ್ಲಿ, ಖರ್ಚಿನ ಬಹುಪಾಲು ಈಜಿಪ್ಟ್, ಇಸ್ರೇಲ್, ಅಮೆರಿಕ ಹಾಕುತ್ತವೆ. ಅವರ ಟೋಪಿ ನೀಲಿ ಅಲ್ಲ.

ಬಜ್ಪೆ ಮನೆ

ಹಾಗಾದರೆ ಎರಡೂ ಬದಿಯಲ್ಲಿ ನಿಂತ ಪಡೆ ಎಲ್ಲಿಯೂ ಇಲ್ವಾ?

ಕಾರ್ಕಳ ಮಾಜಿ ಸೈನಿಕ

ಉಂಟು ಅಕ್ಕ. ಗೋಲಾನ್‌ನಲ್ಲಿ 1974ರಿಂದ. ನಡುವೆ ಯಾರ ಸೈನ್ಯವೂ ಇರಬಾರದ ಪಟ್ಟಿ, ಒಂದು ಕ್ಯಾಂಪ್ ಸಿರಿಯಾ ಬದಿ, ಇನ್ನೊಂದು ಇಸ್ರೇಲ್ ಹಿಡಿದಿರುವ ಬದಿ. ನಮ್ಮ ಸೈನಿಕರೂ ಅಲ್ಲಿ ಇದ್ದಾರೆ, ಸಾಮಾನು ಸರಬರಾಜಿನ ಕೆಲಸ. ಸುಮಾರು ನಲವತ್ತು ವರ್ಷ ಆ ಗೆರೆ ಗಟ್ಟಿಯಾಗಿ ನಿಂತಿತು. ಸಿರಿಯಾದ ಒಳಗೆ ಯುದ್ಧ ಶುರುವಾದಾಗ ಅಲ್ಲಿಯೂ 2014ರಲ್ಲಿ ಫಿಜಿಯ ಸೈನಿಕರನ್ನು ಬಂಡುಕೋರರು ಹಿಡಿದುಕೊಂಡು ಹೋದರು, ಆಮೇಲೆ ಬಿಟ್ಟರು. ಒಪ್ಪಂದಕ್ಕೆ ಸಹಿ ಹಾಕಿದ್ದು ಎರಡು ಸರ್ಕಾರ. ಹಿಡಿದವರು ಸಹಿ ಹಾಕಿದವರಲ್ಲ.

ಕುಂದಾಪುರ ಟೀಚರ್

ಅದು ನಾಳೆಯ ಮರುಪ್ರಶ್ನೆ ಆಗುತ್ತದೆ, ಆ ಹುಡುಗ ಖಂಡಿತ ಕೇಳುತ್ತಾನೆ. ಸಹಿ ಹಾಕದ ಗುಂಪುಗಳ ಎದುರು ಈ ಪಡೆಗಳು ಹೇಗೆ ಕೆಲಸ ಮಾಡುತ್ತವೆ? ಕಾಂಗೋ ಬಗ್ಗೆ ಗೊತ್ತಿದ್ದವರು ಯಾರಾದರೂ ಇದ್ದರೆ ಬರೆಯಿರಿ.